ಅಜ್ಜಿಯ ನೋಟ್‌ಬುಕ್ಕು, ಬ್ಯಾಂಕಿನ ಮೆಸೇಜು

ನಮ್ಮೂರು ಅಂತರಸಂತೆ. ಎಚ್.ಡಿ. ಕೋಟೆಯಿಂದ ಕೇರಳದ ಮಾನಂದವಾಡಿಗೆ ಹೋಗುವ ರಸ್ತೆಯಲ್ಲಿ ಸಿಗುತ್ತದೆ. ಒಂದು ಕಡೆ ನಾಗರಹೊಳೆಯ ಕಾಡು, ಇನ್ನೊಂದು ಕಡೆ ಕಬಿನಿಯ ಹಿನ್ನೀರು. ಕಾಡಂಚಿನ ಊರುಗಳಲ್ಲಿ ಫೋನಿನ ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹೊಲಕ್ಕೆ ಹೋಗಿ ಸಂಜೆ ಮನೆಗೆ ಬಂದ ಮೇಲೆ ಬೆಳಗಿನ ಮೆಸೇಜುಗಳೆಲ್ಲ ಒಟ್ಟಿಗೆ ಟಣ್ ಟಣ್ ಎಂದು ಬೀಳುತ್ತವೆ.

ನಾನು ಮೇಷ್ಟ್ರಾಗಿದ್ದವನು. ನಿವೃತ್ತನಾದ ಮೇಲೆ ಪಾಠ ನಿಂತಿತು, ಆದರೆ ಓದಿ ಹೇಳುವ ಕೆಲಸ ನಿಲ್ಲಲಿಲ್ಲ. ಮೊದಲು ಜನ ಕಾಗದ ತರುತ್ತಿದ್ದರು, ಈಗ ಫೋನು ತರುತ್ತಾರೆ. "ಮೇಷ್ಟ್ರೇ, ಬ್ಯಾಂಕಿಂದ ಏನೋ ಬಂದದೆ, ದುಡ್ಡು ಬಂತಾ ಹೋಯ್ತಾ ನೋಡಿ" ಎನ್ನುತ್ತಾರೆ. ಏಳನೇ ತರಗತಿಯ ನನ್ನ ಮೊಮ್ಮಗಳು ಪಕ್ಕದಲ್ಲೇ ಕೂತು ನನಗಿಂತ ಬೇಗ ಓದುತ್ತಾಳೆ. ಪಕ್ಕದ ಮನೆ ಅಜ್ಜಿಯ ಫೋನಿನಿಂದ ನಾವಿಬ್ಬರೂ ಕಲಿತದ್ದನ್ನು ಇಲ್ಲಿ ಹೇಳುತ್ತೇನೆ. ಅಜ್ಜಿಯ ಖಾತೆಯ ಅಂಕಿಗಳನ್ನು ಮಾತ್ರ ಬದಲಿಸಿದ್ದೇನೆ, ಲೆಕ್ಕದ ದಾರಿ ಹಾಗೇ ಇದೆ.

ಅಜ್ಜಿಗೆ ಅರವತ್ತೆರಡು. ಖಾತೆಗೆ ಬರುವುದು ಗೃಹಲಕ್ಷ್ಮಿಯ ಎರಡು ಸಾವಿರ, ಮತ್ತೆ ಮೈಸೂರಿನಲ್ಲಿ ಕೆಲಸಕ್ಕಿರುವ ಮಗ ಆಗಾಗ ಹಾಕುವ ಐನೂರು, ಸಾವಿರ. ಗೃಹಲಕ್ಷ್ಮಿಯ ದುಡ್ಡು ಬಂದ ದಿನದ ಮೆಸೇಜು ಹೀಗಿತ್ತು:

```
A/c XX4417 credited by Rs.2000.00
on 12-06-25. Avl Bal Rs.3346.50
```

ಮಕ್ಕಳೇ, ಇದನ್ನು ನಾಲ್ಕು ತುಂಡು ಮಾಡಿ ಓದಿ. ಮೊದಲನೆಯದು XX4417. ಇದು ಖಾತೆ ಸಂಖ್ಯೆಯ ಬಾಲ. ಬೇರೆಯವರು ಫೋನು ನೋಡಿದರೂ ಪೂರ್ತಿ ಸಂಖ್ಯೆ ತಿಳಿಯದಿರಲಿ ಎಂದು ಬ್ಯಾಂಕು ಕೊನೆಯ ಕೆಲವು ಅಂಕಿ ಬಿಟ್ಟು ಉಳಿದದ್ದನ್ನು ಮುಚ್ಚುತ್ತದೆ. ಪಾಸ್‌ಬುಕ್ಕಿನ ಮೊದಲ ಪುಟದಲ್ಲಿರುವ ಸಂಖ್ಯೆಯ ಬಾಲವೂ ಇದೇ ಆಗಿರಬೇಕು. ಎರಡನೆಯದು credited ಎಂಬ ಮಾತು. ಹಾಗೆಂದರೆ ಜಮಾ, ಖಾತೆಗೆ ದುಡ್ಡು ಬಂತು. ಅಲ್ಲಿ debited ಎಂದಿದ್ದರೆ ಖರ್ಚು, ಖಾತೆಯಿಂದ ದುಡ್ಡು ಹೋಯಿತು. ನಮ್ಮ ಹಿರಿಯರು ಅಂಗಡಿಯ ಉದ್ದ ಪುಸ್ತಕದಲ್ಲಿ ಬರೆಯುತ್ತಿದ್ದ ಜಮಾ-ಖರ್ಚೇ ಇದು, ಭಾಷೆ ಮಾತ್ರ ಬೇರೆ. ಮೂರನೆಯದು ಮೊತ್ತ ಮತ್ತು ತಾರೀಖು. ನಾಲ್ಕನೆಯದು Avl Bal, ಅಂದರೆ ಈ ವ್ಯವಹಾರ ಆದ ಮೇಲೆ ಖಾತೆಯಿಂದ ತೆಗೆಯಬಹುದಾದ ಹಣ.

"ತೆಗೆಯಬಹುದಾದ" ಎನ್ನುವುದಕ್ಕೆ ಕಾರಣವಿದೆ. ಬ್ಯಾಂಕಿಗೆ ಚೆಕ್ಕು ಕಟ್ಟಿದ ಕೂಡಲೇ ಆ ಹಣ ನಮ್ಮ ಕೈಗೆ ಸಿಗುವುದಿಲ್ಲ. ಚೆಕ್ಕು ಕೊಟ್ಟವರ ಬ್ಯಾಂಕು ಒಪ್ಪಿ ಹಣ ಬಿಡಬೇಕು. ಅಲ್ಲಿಯವರೆಗೆ ಅದು Avl Bal ಲೆಕ್ಕಕ್ಕೆ ಸೇರುವುದಿಲ್ಲ. ಯಾವುದಾದರೂ ಕಾರಣಕ್ಕೆ ಬ್ಯಾಂಕು ಸ್ವಲ್ಪ ಹಣವನ್ನು ತಡೆಹಿಡಿದಿದ್ದರೂ ಅಷ್ಟೇ. ಹೊಲ ನಮ್ಮದೇ ಆದರೂ ಬೆಳೆ ಕೊಯ್ಲಿಗೆ ಬಂದ ಮೇಲೆ ತಾನೇ ರಾಗಿ ಮನೆಗೆ ಬರುವುದು!

ಇನ್ನು ಹಿರಿಯರು ಎಡವುವ ಒಂದು ಜಾಗ ಹೇಳಬೇಕು. ಯುಪಿಐಯಿಂದ ಅಂಗಡಿಗೆ ದುಡ್ಡು ಕೊಟ್ಟಾಗ ಕೆಲವು ಬ್ಯಾಂಕುಗಳ ಮೆಸೇಜಿನಲ್ಲಿ ಎರಡು ಮಾತೂ ಇರುತ್ತವೆ. ಮೊದಲು ನಿಮ್ಮ ಖಾತೆ debited ಎಂದು, ಆಮೇಲೆ ಅಂಗಡಿಯವರ ಹೆಸರು ಬರೆದು credited ಎಂದು. ಕನ್ನಡಕ ಇಲ್ಲದೆ ಕೊನೆಯ ಮಾತನ್ನಷ್ಟೇ ಓದಿದವರು ದುಡ್ಡು ಬಂತೆಂದು ಖುಷಿಪಡುತ್ತಾರೆ. ನೋಡಬೇಕಾದದ್ದು ನಮ್ಮ ಖಾತೆಯ XX ಅಂಕಿಯ ಪಕ್ಕದಲ್ಲಿ ಯಾವ ಮಾತಿದೆ ಎಂದು. ಅದೊಂದೇ ನಮ್ಮದು, ಇನ್ನೊಂದು ಎದುರಿನವರದು.

ಮೊಮ್ಮಗಳು ಅಜ್ಜಿಗೊಂದು ಇನ್ನೂರು ಪುಟದ ನೋಟ್‌ಬುಕ್ಕು ಮಾಡಿಕೊಟ್ಟಳು. ಪುಟಕ್ಕೆ ಗೆರೆ ಎಳೆದು ತಾರೀಖು, ಬಂದದ್ದು, ಹೋದದ್ದು, ಉಳಿದದ್ದು ಎಂದು ನಾಲ್ಕು ಸಾಲು. ಮೆಸೇಜು ಬಂದ ಸಂಜೆ ಬರೆಯುವುದು. ಬರೆಯುವಾಗ ಒಂದೇ ಲೆಕ್ಕ ಮಾಡಬೇಕು: ಹಿಂದಿನ ಸಾಲಿನಲ್ಲಿ ಉಳಿದದ್ದಕ್ಕೆ ಈಗ ಬಂದದ್ದನ್ನು ಕೂಡಿಸಿ, ಹೋಗಿದ್ದರೆ ಕಳೆದು, ಮೆಸೇಜಿನ Avl Bal ಜೊತೆ ಹೋಲಿಸಬೇಕು. ಎರಡೂ ಒಂದೇ ಆದರೆ ಸರಪಳಿಯ ಕೊಂಡಿ ಸೇರಿತು.

ಮೊದಲ ದಿನವೇ ಕೊಂಡಿ ಸೇರಲಿಲ್ಲ. ಜೂನ್ 12ರ ಮೆಸೇಜಿನಲ್ಲಿ ಉಳಿದದ್ದು 3346.50. ಅದರಲ್ಲಿ ಬಂದ 2000 ಕಳೆದರೆ 1346.50. ಆದರೆ ಮೇ ತಿಂಗಳ ಕೊನೆಯ ಮೆಸೇಜಿನಲ್ಲಿ ಉಳಿದದ್ದು 1366.50 ಎಂದಿತ್ತು. ನಡುವೆ ಇಪ್ಪತ್ತು ರೂಪಾಯಿ ಇಲ್ಲ! "ತಾತ, ಯಾರೋ ಇಪ್ಪತ್ತು ರೂಪಾಯಿ ಕದ್ದವ್ರೆ" ಎಂದು ಮೊಮ್ಮಗಳು ಎದ್ದು ನಿಂತಳು.

ಕಳ್ಳತನ ಎನ್ನುವ ಮೊದಲು ಎರಡು ವಿಷಯ ನೋಡಬೇಕು ಎಂದೆ. ಒಂದು, ಮೆಸೇಜುಗಳು ಬಂದ ಕ್ರಮ. ಸಿಗ್ನಲ್ ಇಲ್ಲದ ಕಡೆ ಹಿಂದಿನದು ಮುಂದೆ, ಮುಂದಿನದು ಹಿಂದೆ ಬೀಳಬಹುದು. ಆದ್ದರಿಂದ ಫೋನಿಗೆ ಬಂದ ಹೊತ್ತನ್ನು ಬಿಟ್ಟು, ಮೆಸೇಜಿನ ಒಳಗೆ ಬರೆದಿರುವ ತಾರೀಖಿನ ಪ್ರಕಾರ ಜೋಡಿಸಬೇಕು. ಎರಡು, ನಡುವಿನ ಒಂದು ಮೆಸೇಜೇ ತಲುಪದಿರಬಹುದು. ಹಾಗಾದಾಗ ವ್ಯತ್ಯಾಸದ ಮೊತ್ತವೇ ಕಳೆದುಹೋದ ಮೆಸೇಜಿನ ಗುರುತು ಹೇಳುತ್ತದೆ.

ಮೇ ಕೊನೆಗೆ ಸರಿಯಾಗಿ ಇಪ್ಪತ್ತು ರೂಪಾಯಿ ಹೋಗಿದ್ದರೆ ಮೊದಲು ನೆನಪಿಸಿಕೊಳ್ಳಬೇಕಾದದ್ದು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ. ಇದು 2015ರಲ್ಲಿ ಶುರುವಾದ ಅಪಘಾತ ವಿಮೆ. 18ರಿಂದ 70 ವರ್ಷದವರಿಗೆ, ಅಪಘಾತದಲ್ಲಿ ಸತ್ತರೆ ಮನೆಯವರಿಗೆ ಎರಡು ಲಕ್ಷ ರೂಪಾಯಿ. ಮೊದಲು ವರ್ಷಕ್ಕೆ 12 ರೂಪಾಯಿ ಇತ್ತು, 2022ರ ಜೂನ್ 1ರಿಂದ 20 ರೂಪಾಯಿ ಆಯಿತು. ವಿಮೆಯ ವರ್ಷ ಜೂನ್ 1ಕ್ಕೆ ಶುರುವಾಗಿ ಮುಂದಿನ ಮೇ 31ಕ್ಕೆ ಮುಗಿಯುತ್ತದೆ. ಅದಕ್ಕೇ ಮೇ ಕೊನೆಯ ದಿನಗಳಲ್ಲಿ ಖಾತೆಯಿಂದ ತಾನಾಗಿ ಹಣ ಹೋಗುತ್ತದೆ. ಇದರ ಜೊತೆಯದೇ ಜೀವನ ಜ್ಯೋತಿ ಬಿಮಾ ಯೋಜನೆ, ಅದಕ್ಕೆ ವರ್ಷಕ್ಕೆ 436 ರೂಪಾಯಿ. 18ರಿಂದ 50 ವರ್ಷದೊಳಗಿನವರು ಅದಕ್ಕೆ ಸೇರಬಹುದು.

ಅಜ್ಜಿಯನ್ನು ಕೇಳಿದೆ. "ಖಾತೆ ಮಾಡಿಸ್ದಾಗ ಒಂದು ಫಾರಮ್ಮಿಗೆ ಸೈನು ಹಾಕಿಸ್ಕಂಡಿದ್ರು ಕಣ್ ಮೇಷ್ಟ್ರೇ, ಇನ್ಸೂರೆನ್ಸು ಅಂದಂಗಿತ್ತು" ಎಂದರು. ಪಾಸ್‌ಬುಕ್ಕು ಪ್ರಿಂಟ್ ಹಾಕಿಸಿದಾಗ ಆ ಸಾಲು ಸಿಕ್ಕಿತು. ಮೊಮ್ಮಗಳು ನೋಟ್‌ಬುಕ್ಕಿನಲ್ಲಿ "ವಿಮೆ, 20" ಎಂದು ಸೇರಿಸಿದಳು. ಕೊಂಡಿ ಕೂಡಿತು. ವಿಮೆ ಬೇಡ ಎನಿಸಿದರೆ ಶಾಖೆಯಲ್ಲಿ ಬರೆದುಕೊಟ್ಟು ನಿಲ್ಲಿಸಬಹುದು. ಅಜ್ಜಿ ಇರಲಿ ಎಂದರು. ಜೊತೆಗೆ, ವಿಮೆ ಇದೆ ಎಂಬುದು ಮನೆಯವರಿಗೂ ಗೊತ್ತಿರಬೇಕು ಎಂದು ಮಗನಿಗೆ ಫೋನ್ ಮಾಡಿ ಹೇಳಿದರು. ಮನೆಯವರಿಗೆ ಗೊತ್ತಿಲ್ಲದ ವಿಮೆಯ ಹಣವನ್ನು ಕೇಳುವವರು ಯಾರು?

ಜೂನ್ 16ಕ್ಕೆ ಅಜ್ಜಿ ಎಟಿಎಂನಲ್ಲಿ 1500 ತೆಗೆಸಿದರು. ಉಳಿದದ್ದು 1846.50, ಸರಿ. ಮರುದಿನ ಮಗ ಐನೂರು ಕಳಿಸಿದ. ಆ ಮೆಸೇಜಿನಲ್ಲಿ ಹೊಸದೊಂದು ಸಂಖ್ಯೆ ಇತ್ತು:

```
A/c XX4417 credited by Rs.500.00 on 17-06-25.
UPI Ref 516804731952. Avl Bal Rs.2346.50
```

ಈ Ref ಎನ್ನುವುದು ಆ ಒಂದು ವ್ಯವಹಾರದ ಗುರುತಿನ ಸಂಖ್ಯೆ. ಯುಪಿಐ ವ್ಯವಹಾರಕ್ಕೆ ಹನ್ನೆರಡು ಅಂಕಿ ಇರುತ್ತದೆ. ಕಳಿಸಿದವರ ಫೋನಿನಲ್ಲೂ ಪಡೆದವರ ಫೋನಿನಲ್ಲೂ ಅದೇ ಸಂಖ್ಯೆ ಇರಬೇಕು. ದುಡ್ಡು ಎಲ್ಲೋ ಸಿಕ್ಕಿಕೊಂಡರೆ ಬ್ಯಾಂಕಿನವರು ಕೇಳುವುದೂ ಇದನ್ನೇ. ಬಸ್ಸಿನ ಟಿಕೆಟ್ ಮೇಲಿನ ನಂಬರಿನ ಹಾಗೆ. ಯಾವ ಬಸ್ಸು, ಎಷ್ಟು ಹೊತ್ತಿಗೆ ಎಂದು ವಿವರಿಸುವುದಕ್ಕಿಂತ ನಂಬರು ಹೇಳಿದರೆ ಹುಡುಕುವವರಿಗೆ ಸುಲಭ. ಈ ಸಂಖ್ಯೆ ಹೇಳಿದರೆ ಯಾರೂ ಹಣ ತೆಗೆಯಲಾಗದು. ಓಟಿಪಿ ಮತ್ತು ಪಿನ್ ಬೇರೆ, ಅವನ್ನು ಬ್ಯಾಂಕಿನವರಿಗೂ ಹೇಳಬಾರದು.

ಮಕ್ಕಳಿಗೊಂದು ಒಗಟು. ಆ ಹನ್ನೆರಡು ಅಂಕಿಯಲ್ಲಿ ಮೊದಲ ನಾಲ್ಕನ್ನು ನೋಡಿ: 5168. ಸಾಮಾನ್ಯವಾಗಿ ಮೊದಲ ಅಂಕಿ ಇಸವಿಯ ಕೊನೆಯ ಅಂಕಿ, 2025ರ 5. ಮುಂದಿನ ಮೂರು ಅಂಕಿ ವರ್ಷದ ಎಷ್ಟನೇ ದಿನ ಎಂದು. ಜನವರಿಯ 31, ಫೆಬ್ರವರಿಯ 28, ಮಾರ್ಚಿಯ 31, ಏಪ್ರಿಲ್‌ನ 30, ಮೇಯ 31 ಕೂಡಿಸಿದರೆ 151. ಅದಕ್ಕೆ ಜೂನ್‌ನ 17 ಸೇರಿಸಿದರೆ 168. ಮೊಮ್ಮಗಳು ಬೆರಳೆಣಿಸಿ ಕೂಡಿಸಿ ಕುಣಿದಳು. ಮನೆಯಲ್ಲಿರುವ ಮೆಸೇಜುಗಳಲ್ಲಿ ನೀವೂ ಮಾಡಿ ನೋಡಬಹುದು.

ಈ ಆಟ ಎರಡೇ ದಿನದಲ್ಲಿ ಕೆಲಸಕ್ಕೆ ಬಂತು. ಜೂನ್ 19ರ ಸಂಜೆ ಅಜ್ಜಿ ಓಡೋಡಿ ಬಂದರು. ಫೋನಿನಲ್ಲಿ ಹೀಗಿತ್ತು:

```
Dear customer your A/c credited by Rs.12000.00
on 19-06-25. UPI Ref 502118446390.
Avl Bal Rs.14870.00
```

ಮೆಸೇಜು ಬಿದ್ದ ಐದೇ ನಿಮಿಷಕ್ಕೆ ಒಬ್ಬ ಫೋನ್ ಮಾಡಿದ್ದನಂತೆ. ಆಸ್ಪತ್ರೆಗೆ ಕಟ್ಟಬೇಕಾದ ದುಡ್ಡು, ಒಂದು ಅಂಕಿ ತಪ್ಪಿ ನಿಮ್ಮ ಖಾತೆಗೆ ಬಂದುಬಿಟ್ಟಿದೆ, ಮಗು ಸೀರಿಯಸ್ಸು, ಈಗಲೇ ವಾಪಸ್ ಹಾಕಿಸಿ ಎಂದು ಅತ್ತನಂತೆ. ಅಜ್ಜಿಗೆ ಫೋನಿನಲ್ಲಿ ದುಡ್ಡು ಹಾಕಲು ಬರುವುದಿಲ್ಲ ಎಂದಾಗ, ಮಗನ ಕೈಲಾದರೂ ಹಾಕಿಸಿ, ಮೊದಲು ಎರಡು ಸಾವಿರವಾದರೂ ಕಳಿಸಿ ಎಂದನಂತೆ. "ಇನ್ನೊಬ್ರ ದುಡ್ಡು ನಮಗ್ಯಾಕೆ ಮೇಷ್ಟ್ರೇ, ಪಾಪ ಮಗು ಅಂತವ್ನೆ, ಬೇಗ ಕಳಿಸಿಕೊಡಿ" ಎಂದು ಅಜ್ಜಿಯ ಕಣ್ಣಲ್ಲೂ ನೀರು. ಇಂಥ ಕರೆ ಮಾಡುವವರು ನಂಬಿಕೊಂಡಿರುವುದು ಇದನ್ನೇ. ದುರಾಸೆ ಇಲ್ಲದವರನ್ನು ಅವರ ಪ್ರಾಮಾಣಿಕತೆಯ ಮೂಲಕವೇ ಹಿಡಿಯುತ್ತಾರೆ. ಖಾತೆಗೆ ಏನೂ ಬಂದಿರುವುದಿಲ್ಲ, ನಾವು "ವಾಪಸ್" ಕಳಿಸುವುದು ನಮ್ಮದೇ ದುಡ್ಡು.

ಮೊಮ್ಮಗಳು ಮಾತಾಡದೆ ನೋಟ್‌ಬುಕ್ಕು ತೆಗೆದಳು. ಹಿಂದಿನ ಸಾಲಿನಲ್ಲಿ ಉಳಿದದ್ದು 2346.50. ಹನ್ನೆರಡು ಸಾವಿರ ಕೂಡಿಸಿದರೆ 14346.50 ಆಗಬೇಕು. ಮೆಸೇಜಿನಲ್ಲಿ 14870 ಎಂದಿದೆ. ನಡುವೆ 523.50 ಹೆಚ್ಚು. ಆಮೇಲೆ Ref ನೋಡಿದಳು. 5021 ಎಂದರೆ 2025ರ ಇಪ್ಪತ್ತೊಂದನೇ ದಿನ, ಅಂದರೆ ಜನವರಿ 21. "ತಾತ, ಜೂನ್ ದುಡ್ಡಿಗೆ ಸಂಕ್ರಾಂತಿ ಕಳೆದ ವಾರದ ನಂಬರು!" ಎಂದಳು. ಖಾತೆಯ ಬಾಲದ 4417 ಎಲ್ಲೂ ಇರಲಿಲ್ಲ. ಮೆಸೇಜು ಬಂದದ್ದು ಹತ್ತು ಅಂಕಿಯ ಮಾಮೂಲಿ ಮೊಬೈಲ್ ನಂಬರಿನಿಂದ.

ಬ್ಯಾಂಕಿನ ಮೆಸೇಜು ಹತ್ತು ಅಂಕಿಯ ನಂಬರಿನಿಂದ ಬರುವುದಿಲ್ಲ. ಕಳಿಸಿದವರ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಒಂದು ಹೆಸರು ಇರುತ್ತದೆ. 2025ರಿಂದ ಆ ಹೆಸರಿನ ಕೊನೆಗೆ ಒಂದು ಅಕ್ಷರವೂ ಸೇರಿದೆ. -S ಅಥವಾ -T ಇದ್ದರೆ ಸೇವೆ ಮತ್ತು ವ್ಯವಹಾರದ ಮೆಸೇಜು, -P ಇದ್ದರೆ ಜಾಹೀರಾತು, -G ಇದ್ದರೆ ಸರ್ಕಾರದ್ದು. ಖಾತೆಗೆ ಹಣ ಬಂತೆಂಬ ಸುದ್ದಿ -P ಎಂಬ ಬಾಲ ಹೊತ್ತು ಬಂದರೆ ನಂಬಬೇಡಿ.

ಆದರೆ ಈ ಗುರುತುಗಳಿಗೂ ಮಿತಿ ಇದೆ. ಜಾಣ ಮೋಸಗಾರ ತಾರೀಖಿಗೆ ಹೊಂದುವ Ref ಕಟ್ಟಬಹುದು. ನಮ್ಮ ಖಾತೆಯ ಬಾಲವೂ ಎಲ್ಲಿಂದಲೋ ಸಿಕ್ಕಿರಬಹುದು. ಅವನಿಗೆ ಸುಲಭವಾಗಿ ತಿಳಿಯದ ಒಂದೇ ಅಂಕಿ ಎಂದರೆ ನಮ್ಮ ಖಾತೆಯಲ್ಲಿ ನಿನ್ನೆ ಎಷ್ಟಿತ್ತು ಎಂಬುದು. ಅದಕ್ಕೇ ಸರಪಳಿಯ ಲೆಕ್ಕ ಎಲ್ಲಕ್ಕಿಂತ ಗಟ್ಟಿ. ಹಾಗಿದ್ದರೂ ಮೆಸೇಜು ಮೆಸೇಜೇ. ದುಡ್ಡು ಬಂದಿದೆಯೋ ಇಲ್ಲವೋ ಎಂಬುದಕ್ಕೆ ಬ್ಯಾಂಕಿನ ಪುಸ್ತಕವೇ ಸಾಕ್ಷಿ. ಪಾಸ್‌ಬುಕ್ಕು ಪ್ರಿಂಟ್ ಹಾಕಿಸಿ, ಎಟಿಎಂನಲ್ಲಿ ಬ್ಯಾಲೆನ್ಸ್ ನೋಡಿ, ಇಲ್ಲವೇ ಪಾಸ್‌ಬುಕ್ಕಿನಲ್ಲಿ ಅಥವಾ ಶಾಖೆಯಲ್ಲಿ ಕೊಟ್ಟಿರುವ ನಂಬರಿಗೆ ಫೋನ್ ಮಾಡಿ ಕೇಳಿ. ಅನುಮಾನದ ಮೆಸೇಜಿನೊಳಗೇ ಇರುವ ನಂಬರಿಗೆ ಮಾತ್ರ ಮಾಡಬೇಡಿ.

ಅಜ್ಜಿಗೆ ಇಷ್ಟು ಹೇಳಿದೆ: "ಅಮ್ಮಾ, ನಿಜವಾಗಿ ದುಡ್ಡು ಬಂದಿದ್ರೂ ನಾವು ವಾಪಸ್ ಹಾಕೋದು ಬೇಡ. ಬ್ಯಾಂಕಿಗೆ ಹೋಗಿ ಬರೆದುಕೊಡೋಣ. ಯಾರದು ಅಂತ ನೋಡಿ ಅವರೇ ಸರಿ ಮಾಡ್ತಾರೆ." ಮತ್ತೆ ಕರೆ ಬಂದಾಗ ಅಜ್ಜಿಯೇ ಮಾತಾಡಿದರು. "ನಾಳೆ ಬ್ಯಾಂಕಿಗೆ ಬಾ ಮಗ, ನಾನೂ ಬತ್ತೀನಿ, ಅಲ್ಲೇ ಕೊಡ್ತೀನಿ." ಅವನು ಬೈದು ಫೋನಿಟ್ಟ. ಮರುದಿನ ಪಾಸ್‌ಬುಕ್ಕಿನಲ್ಲಿ ಕೊನೆಯ ಸಾಲು ಮಗ ಹಾಕಿದ ಐನೂರೇ ಆಗಿತ್ತು. ಉಳಿದದ್ದು 2346.50, ಒಂದು ಪೈಸೆ ಹೆಚ್ಚಿಲ್ಲ, ಕಡಿಮೆ ಇಲ್ಲ. ಅಜ್ಜಿ ಬಹಳ ಹೊತ್ತು ಸುಮ್ಮನಿದ್ದು, "ಹಂಗಾರೆ ಆ ಮಗು ಇಲ್ವೇ ಇಲ್ಲ?" ಎಂದು ಕೇಳಿದರು. ಇಲ್ಲ ಎಂದೆ. "ಸದ್ಯ, ಮಗು ಚೆನ್ನಾಗದೆ" ಎಂದರು. ಅವರ ಮನಸ್ಸೇ ಹಾಗೆ.

ಇದರ ತಿರುಗಾದ ಸಂಗತಿಯೂ ಇದೆ. ಮೆಸೇಜು ನಿಜವಾದದ್ದೇ, debited ಎಂದಿದೆ, ಲೆಕ್ಕವೂ ಕೂಡುತ್ತದೆ, ಆದರೆ ಆ ದುಡ್ಡನ್ನು ನಾವು ತೆಗೆದಿಲ್ಲ. ಆಗ ಆ ಮೆಸೇಜು ಗಡಿಯಾರವಿದ್ದ ಹಾಗೆ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, ತಪ್ಪು ನಮ್ಮದೂ ಅಲ್ಲ ಬ್ಯಾಂಕಿನದೂ ಅಲ್ಲ, ನಡುವೆ ಬೇರೆಲ್ಲೋ ಆಗಿದೆ ಎಂದಾದರೆ, ಬ್ಯಾಂಕಿನ ಸೂಚನೆ ಸಿಕ್ಕ ಮೇಲೆ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರ ಮೇಲೆ ನಷ್ಟದ ಹೊಣೆ ಬೀಳುವುದಿಲ್ಲ. ನಾಲ್ಕರಿಂದ ಏಳನೇ ದಿನದೊಳಗೆ ತಿಳಿಸಿದರೆ ಒಂದು ಮಿತಿಯವರೆಗೆ ನಾವು ಹೊರಬೇಕು. ಅದೂ ದಾಟಿದರೆ ಆಯಾ ಬ್ಯಾಂಕಿನ ನಿಯಮ ನೋಡಬೇಕು. ನಾವೇ ಪಿನ್ ಅಥವಾ ಓಟಿಪಿ ಹೇಳಿಬಿಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಮ್ಮದೇ. ತಿಳಿಸಿದ ಮೇಲೆ ಆಗುವುದು ಬ್ಯಾಂಕಿನದು. ಹಾಗಾಗಿ ಯಾವ ರೀತಿಯಲ್ಲಿ ನೋಡಿದರೂ ಬೇಗ ತಿಳಿಸಿದವರಿಗೆ ಅನುಕೂಲ. ಸಂತೆ ಮುಗಿಯಲಿ, ಹಬ್ಬ ಕಳೆಯಲಿ ಎಂದು ಕೂತರೆ ಗಡಿಯಾರ ನಿಲ್ಲುವುದಿಲ್ಲ.

ಆಗ ಮಾಡಬೇಕಾದದ್ದು ಇಷ್ಟು. ಮೊದಲು ಬ್ಯಾಂಕಿನ ಸಹಾಯವಾಣಿಗೆ ಫೋನ್ ಮಾಡಿ ಕಾರ್ಡು ಅಥವಾ ಖಾತೆಯನ್ನು ತಡೆಹಿಡಿಸಿ, ದೂರಿನ ಸಂಖ್ಯೆ ಕೇಳಿ ಬರೆದುಕೊಳ್ಳಬೇಕು. ಮೋಸ ಎಂದು ಗೊತ್ತಾದರೆ 1930ಕ್ಕೂ ಫೋನ್ ಮಾಡಬೇಕು, ಅದು ದೇಶಕ್ಕೆಲ್ಲ ಒಂದೇ ಇರುವ ಸೈಬರ್ ವಂಚನೆಯ ದೂರಿನ ನಂಬರು. ಎರಡೂ ಕಡೆ ಅವರು ಕೇಳುವುದು ಖಾತೆ, ಮೊತ್ತ, ತಾರೀಖು, Ref ಸಂಖ್ಯೆ. ಎಲ್ಲವೂ ಮೆಸೇಜಿನಲ್ಲೇ ಇರುತ್ತದೆ. ಆದ್ದರಿಂದ ಫೋನಿನಲ್ಲಿ ಜಾಗ ಇಲ್ಲ ಎಂದು ಬ್ಯಾಂಕಿನ ಮೆಸೇಜುಗಳನ್ನು ಅಳಿಸಬೇಡಿ. ಅಜ್ಜಿಯ ಫೋನಿನಲ್ಲಿ ಮೊಮ್ಮಗಳು ಮೊದಲು ಅಳಿಸಿದ್ದು ಗುಡ್ ಮಾರ್ನಿಂಗ್ ಚಿತ್ರಗಳನ್ನು.

ಒಂದು ಕೊನೆಯ ಮಾತು, ಇದು ಹಿರಿಯರಿಗೆ. ಖಾತೆಗೆ ಕೊಟ್ಟಿರುವ ಮೊಬೈಲ್ ನಂಬರು ಯಾರದು ಎಂದು ಒಮ್ಮೆ ಶಾಖೆಯಲ್ಲಿ ಕೇಳಿ ನೋಡಿ. ನಮ್ಮ ಬೀದಿಯಲ್ಲೇ ವಿಚಾರಿಸಿದಾಗ, ಒಬ್ಬರ ಮೆಸೇಜು ಬೆಂಗಳೂರಿನ ಅಳಿಯನ ಫೋನಿಗೆ ಹೋಗುತ್ತಿತ್ತು. ಇನ್ನೊಬ್ಬರದು ರೀಚಾರ್ಜ್ ಇಲ್ಲದೆ ಯಾವತ್ತೋ ಬಂದ್ ಆದ ಸಿಮ್ಮಿಗೆ. ಬಂದ್ ಆದ ನಂಬರನ್ನು ಕಂಪನಿ ಕೆಲವು ತಿಂಗಳಾದ ಮೇಲೆ ಬೇರೆಯವರಿಗೆ ಕೊಡಬಹುದು. ಆಗ ನಿಮ್ಮ ಖಾತೆಯ ಸುದ್ದಿ ಗುರುತಿಲ್ಲದವರ ಮನೆಗೆ ಹೋಗುತ್ತದೆ. ಆಧಾರ್, ಪಾಸ್‌ಬುಕ್ಕು ಹಿಡಿದು ಶಾಖೆಗೆ ಹೋಗಿ ಅರ್ಜಿ ಕೊಟ್ಟರೆ ನಂಬರು ಬದಲಾಗುತ್ತದೆ. ಅವರಿಬ್ಬರೂ ಹಾಗೆ ಬದಲಿಸಿಕೊಂಡರು. ಈಗ ನಮ್ಮ ಮನೆಯ ಜಗಲಿಯಲ್ಲಿ ಗೆರೆ ಎಳೆದ ನೋಟ್‌ಬುಕ್ಕುಗಳು ಮೂರು ಇವೆ.